ನಿಮ್ಮ ಚರ್ನ್ ಮಾಡೆಲ್ ರಿಪೋರ್ಟ್ ಓದಿದೆ, ಎಫ್‌1 0.81 ಅನ್ನೋದನ್ನ ಸದ್ಯಕ್ಕೆ ನಂಬಕ್ಕಾಗಲ್ಲ

ಎರಡು ಸಲ ಓದಿದೆ, ನೋಟ್‌ಬುಕ್ಕೂ ಓಡಿಸಿ ನೋಡಿದೆ. ಬರವಣಿಗೆ ಚೆನ್ನಾಗಿದೆ, ಆದ್ರೆ ಈ ನಂಬರ್ ಇಟ್ಕೊಂಡು ಪ್ರೊಡಕ್ಷನ್‌ಗೆ ಹೋಗೋದು ಬೇಡ.

ಮೊದಲು ಸ್ಪ್ಲಿಟ್. 8,000 ಗ್ರಾಹಕರು, ಒಬ್ಬೊಬ್ಬರಿಗೆ 6 ತಿಂಗಳ 6 ರೋ, ಒಟ್ಟು 48,000. ಬಿಟ್ಟು ಹೋದ್ರಾ ಇಲ್ವಾ ಅನ್ನೋ ಲೇಬಲ್ ಗ್ರಾಹಕನಿಗೆ ಒಂದೇ, ಆರೂ ರೋನಲ್ಲಿ ಅದೇ ಇದೆ. ನೀವು ರೋಗಳನ್ನ ಕಲಸಿ 80-20 ಮಾಡಿದ್ದೀರ. ಟೆಸ್ಟ್‌ನಲ್ಲಿರೋ ಒಂದು ರೋ ತಗೊಳ್ಳಿ, ಅದೇ ಗ್ರಾಹಕನ ಉಳಿದ ಐದೂ ಟೆಸ್ಟಿಗೇ ಬೀಳೋ ಚಾನ್ಸ್ 0.2^5, ಅಂದ್ರೆ 10,000ಕ್ಕೆ ಸುಮಾರು 3. ಹಾಗಾಗಿ ಟೆಸ್ಟಲ್ಲಿರೋ ಹೆಚ್ಚುಕಮ್ಮಿ ಎಲ್ಲರ ಉತ್ತರಾನೂ ಮಾಡೆಲ್ ಟ್ರೈನಿಂಗಲ್ಲೇ ನೋಡ್ಬಿಟ್ಟಿದೆ, ಅದು ಕಲಿತಿದ್ದಾ ಇಲ್ಲಾ ಗುರುತು ಹಿಡಿದಿದ್ದಾ ಅಂತ ಹೇಳಕ್ಕೇ ಬರಲ್ಲ. `GroupKFold` ಹಾಕಿ, `customer_id` ಮೇಲೆ.

ಇದಕ್ಕಿಂತ ನನ್ನ ತಲೆ ತಿಂದಿದ್ದು ಇನ್ನೊಂದು. ಫೀಚರ್ ಇಂಪಾರ್ಟೆನ್ಸಲ್ಲಿ `days_since_login` ಮಿಕ್ಕಿದ್ದೆಲ್ಲಕ್ಕಿಂತ ಸಿಕ್ಕಾಪಟ್ಟೆ ಮೇಲಿತ್ತು, ಅನುಮಾನ ಬಂದು ಒಬ್ಬ ಗ್ರಾಹಕನ ಆರು ರೋ ತೆಗೆದು ನೋಡಿದ್ರೆ ಆರರಲ್ಲೂ 143. ತಿಂಗಳು ತಿಂಗಳಿಗೂ ಅದು ಬದಲಾಗ್ಬೇಕಲ್ವಾ? ಇದನ್ನ ಓಡಿಸಿ:

```
df.groupby("customer_id")["days_since_login"].nunique().max()
```

1 ಬರುತ್ತೆ. ಅಂದ್ರೆ ಆಯಾ ತಿಂಗಳ ಕೊನೆಯಿಂದ ಅಲ್ಲ, ಡೇಟಾ ಇಳಿಸ್ಕೊಂಡ ದಿನದಿಂದ ಹಿಂದಕ್ಕೆ ಎಣಿಸಿದ್ದಾರೆ. ಬಿಟ್ಟು ಹೋದವರು ಹೋದಮೇಲೆ ಲಾಗಿನ್ ಆಗಲ್ಲ, ಆ ನಂಬರ್ ತಾನಾಗೇ ದೊಡ್ಡದಾಗುತ್ತೆ, ಉತ್ತರಾನೇ ಕಾಲಮ್ ಆಗಿ ಕೂತಿದೆ. ಸ್ಪ್ಲಿಟ್ ಸರಿ ಮಾಡಿದ್ರೂ ಇದು ಹೋಗಲ್ಲ, ನೆನಪಿರಲಿ. ಸ್ಕೇಲರ್‌ನ ಪೂರ್ತಿ ಡೇಟಾ ಮೇಲೆ ಫಿಟ್ ಮಾಡಿದ್ದೂ ತಪ್ಪೇ, ಆದ್ರೆ ಇದರ ಮುಂದೆ ಅದು ಚಿಲ್ಲರೆ.

ಬೇಸ್‌ಲೈನ್ ಪಾಪ, ಸೋಲಕ್ಕೇ ಕರ್ಕೊಂಡು ಬಂದಂಗಿದೆ. ಎಕ್ಸ್‌ಜಿಬೂಸ್ಟ್‌ಗೆ 200 ಟ್ರಯಲ್ ಟ್ಯೂನಿಂಗ್, ಲಾಜಿಸ್ಟಿಕ್ ರಿಗ್ರೆಶನ್‌ಗೆ ಡೀಫಾಲ್ಟ್ ಸೆಟ್ಟಿಂಗು. ಅದರ ಥ್ರೆಶೋಲ್ಡ್ 0.5, ನಿಮ್ಮದು 0.23, ಅದೂ ಟೆಸ್ಟ್ ಸೆಟ್ ನೋಡ್ಕೊಂಡೇ ಆರಿಸಿದ್ದು. ಎರಡಕ್ಕೂ ವ್ಯಾಲಿಡೇಶನ್ ಮೇಲೆ ಥ್ರೆಶೋಲ್ಡ್ ಆರಿಸಿ ಹೋಲಿಸಿ. ಜೊತೆಗೆ "30 ದಿನ ಲಾಗಿನ್ ಇಲ್ಲ ಅಂದ್ರೆ ಹೋಗ್ತಾರೆ" ಅನ್ನೋ ಒಂದು ಸಾಲಿನ ರೂಲನ್ನೂ ಟೇಬಲ್ಲಿಗೆ ಹಾಕಿ, ಕಾಲಮ್ ಸರಿ ಮಾಡಿದ್ಮೇಲೆ. ಅದನ್ನ ಗೆಲ್ಲದಿದ್ರೆ ಇಷ್ಟೆಲ್ಲ ಯಾಕೆ?

97.2% ಅಕ್ಯುರಸಿ ಅಂತ ಮೊದಲನೇ ಪ್ಯಾರಾದಲ್ಲೇ ಬೋಲ್ಡಲ್ಲಿದೆ. ಹೋಗೋರು 6% ಮಾತ್ರ, "ಯಾರೂ ಹೋಗಲ್ಲ" ಅಂದ್ರೂ 94% ಬರುತ್ತೆ. ಎಫ್‌1 0.81 ಅನ್ನೋದು ಸೀಡ್ 7ರದ್ದು, ಅಪೆಂಡಿಕ್ಸಲ್ಲಿ ಉಳಿದ ನಾಲ್ಕು ಇವೆ: 0.69, 0.72, 0.66, 0.70. ಸರಾಸರಿ 0.716. ಬೇಕಂತಲೇ ಮಾಡಿದ್ರಿ ಅಂತ ನಾನು ಅಂದ್ಕೊಂಡಿಲ್ಲ, ಬಚ್ಚಿಡೋರು ಅಪೆಂಡಿಕ್ಸಲ್ಲೂ ಹಾಕ್ತಿರ್ಲಿಲ್ಲ. ಆದ್ರೂ ಐದೂ ಮೇನ್ ಟೇಬಲ್ಲಿಗೆ ಬರ್ಲಿ, ಪಿಆರ್-ಎಯುಸಿ ಜೊತೆ.

ಮೊದಲು ಆ ಕಾಲಮ್ ಕಿತ್ತಾಕಿ, ಗ್ರೂಪ್ ಸ್ಪ್ಲಿಟಲ್ಲಿ ಒಂದೇ ಒಂದು ರನ್ ಮಾಡಿ ನಂಬರ್ ಕಳ್ಸಿ. ಟ್ಯೂನಿಂಗ್ ಆಮೇಲೆ ನೋಡೋಣ.