ಕೃಷ್ಣಗಿರಿ ಚಲನ್ ಪೂರ್ತಿ ಓದಿದ್ದೇನೆ, ಗಾಬರಿ ಬೇಡ

ಗಣೇಶಾ, ನಿನ್ನ ಫೋಟೊ ಬಂತು. ಚೀಟಿ ಮಡಚಿದ ಕಡೆ ಅಕ್ಷರ ಅಳಿಸಿದ ಹಾಗಿತ್ತು, ದೊಡ್ಡದು ಮಾಡಿ ಎರಡು ಸಲ ಓದಿದೆ. ಸಾಲುಸಾಲಾಗಿ ಹೇಳ್ತೀನಿ.

ಮೇಲೆ ನಿನ್ನ ಗಾಡಿ ನಂಬರು, ದಿನಾಂಕ 09-06-2025, ಬೆಳಗ್ಗೆ 10:40. ಜಾಗ, ತಮಿಳುನಾಡಿನ ಕೃಷ್ಣಗಿರಿ ಹತ್ತಿರದ ಹೈವೇ. ಗಾಡಿ ನಂಬರು ಸರಿಯಾಗಿದೆ, ನಾನು ನಿನ್ನ ಆರ್‌ಸಿ ಜೊತೆ ಹೋಲಿಸಿದೆ.

ಅದರ ಕೆಳಗೆ ಎರಡು ತಪ್ಪು, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ ನಂಬರಿನ ಜೊತೆ.

183(1): ಅತಿವೇಗ. ಕಾರಿನಂಥ ಹಗುರ ಗಾಡಿಗೆ 1,000 ರೂಪಾಯಿ. ಇದೇ ತಪ್ಪು ಇನ್ನೊಂದು ಸಲ ಆದರೆ ಲೈಸೆನ್ಸನ್ನೇ ಹಿಡಿದಿಡಬಹುದು ಅಂತ ಕಾನೂನಲ್ಲಿದೆ. ಹಾಗಾಗಿ ಇದನ್ನು ಸಾವಿರ ರೂಪಾಯಿ ಮಾತು ಅಂತ ಬಿಡಬೇಡ.

194B(1): ಸೀಟ್ ಬೆಲ್ಟ್ ಹಾಕಿಲ್ಲ. ಇದಕ್ಕೂ 1,000. ಪಕ್ಕದ ತಮಿಳು ಸಾಲು 'ಸೀಟ್ ಬೆಲ್ಟ್ ಅಣಿಯಾಮಲ್', ಅಂದ್ರೆ ಬೆಲ್ಟ್ ಧರಿಸದೆ. ಕಂಸದೊಳಗಿರೋದು 1. ಅದು 2 ಆಗಿದ್ದರೆ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕಿಸದ ತಪ್ಪು. ಹಿಂದೆ ಪಾಪು ಇತ್ತು ಅಂತ ಭಯ ಪಟ್ಟಿದ್ದೆ ಅಲ್ವಾ, ಅದಕ್ಕೆ ಕೇಸ್ ಇಲ್ಲ. ಆದರೂ ಮುಂದಿನ ಸಲ ಪಾಪುಗೆ ಬೆಲ್ಟ್ ಹಾಕಿಸಿ ಆಮೇಲೆ ಸ್ಟಾರ್ಟ್ ಮಾಡು.

ಈಗ ನಿನ್ನನ್ನು ಹೆದರಿಸಿದ ಪದ. ಯಾರೋ ಓದಿ ಹೇಳಿದ 'ಅಬರಾದಂ' ನಮ್ಮ ಅಪರಾಧ ಅಲ್ಲ. ತಮಿಳಲ್ಲಿ ಅದು ದಂಡ. 'ಅಬರಾದ ತೊಗೈ' ಅಂದ್ರೆ ದಂಡದ ಮೊತ್ತ, ಒಟ್ಟು 2,000. ನೀನು ಅಪರಾಧಿ ಅಂತ ಎಲ್ಲೂ ಬರೆದಿಲ್ಲ, ಅಪ್ಪನಿಗೂ ಇದನ್ನು ಹೇಳು.

ಇನ್ನೊಂದು, 'ಕಡೈಸಿ ನಾಳ್'. ನೀನು ನಾಳೆಯೇ ಕಟ್ಟಬೇಕು ಅಂದ್ಕೊಂಡು ರಾತ್ರಿಯೇ ಸಾಲ ಕೇಳಿದೆ. ತಮಿಳಲ್ಲಿ 'ನಾಳ್' ಅಂದ್ರೆ ದಿನ. ಅದು ಕಡೇ ದಿನ. ಎದುರಿಗೆ 08-08-2025 ಅಂತ ಇದೆ, ಶುಕ್ರವಾರ. ಸಂಬಳ ಬಂದ ಮೇಲೆ ಆರಾಮಾಗಿ ಕಟ್ಟು. ಆದರೆ ಆ ದಿನದವರೆಗೂ ಕಾಯಬೇಡ. ದಾಟಿದರೆ ಕೋರ್ಟಿಗೆ ಹೋಗುತ್ತೆ, ಇನ್ನೊಂದು ರಾಜ್ಯದ ಕೋರ್ಟಿನ ಓಡಾಟ ನಿನಗೆ ಬೇಡ.

ಕಟ್ಟೋಕೆ ಕೃಷ್ಣಗಿರಿಗೆ ಹೋಗಬೇಕಿಲ್ಲ. ಇಲ್ಲೇ ಫೋನಲ್ಲಿ ತೆರೆ:

```
echallan.parivahan.gov.in
```

ಚಲನ್ ನಂಬರು ಹಾಕಿದರೆ ಇದೇ ಎರಡು ಸಾಲು, ಇದೇ 2,000 ಕಾಣಬೇಕು. ಬೇರೆ ಮೊತ್ತ ಕಂಡರೆ ಕಟ್ಟಬೇಡ, ನನಗೆ ಫೋನ್ ಮಾಡು. ವಾಟ್ಸಾಪಲ್ಲಿ 'ಚಲನ್' ಅಂತ ಯಾವುದಾದರೂ ಆ್ಯಪ್ ಫೈಲ್ ಬಂದರೆ ಮುಟ್ಟಲೇಬೇಡ, ಬ್ಯಾಂಕ್ ದುಡ್ಡು ಖಾಲಿ ಮಾಡುವವರು ಹಾಗೇ ಕಳಿಸ್ತಾರೆ. ವಿಳಾಸದ ಕೊನೆಗೆ gov.in ಇದೆಯಾ ಅಂತ ನೋಡ್ಕೊ.

ಕಟ್ಟಿದ ರಸೀದಿಯನ್ನು ಆರ್‌ಸಿ ಜೊತೆ ಇಡು. ನಿನ್ನ ಹೊಸ ಲೈಸೆನ್ಸಿಗೆ ಇನ್ನೂ ಮೂರು ತಿಂಗಳಾಗಿಲ್ಲ. ಭಾನುವಾರ ಬಾ, ಹೊಸೂರವರೆಗೆ ಹೋಗಿ ಬರೋಣ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ವೇಗದ ಬೋರ್ಡುಗಳನ್ನು ತೋರಿಸ್ತೀನಿ.