ಪೆನ್ನಿನ ಅಂಗಡಿಯ ಚಾಟ್: ಒಂದು ‘ಹಲೋ’ಗೆ ಉತ್ತರ

ಗ್ರಾಹಕರು: ಹಲೋ

ಅಂಗಡಿ: ಹಲೋ, ನಮಸ್ಕಾರ! ಇಲ್ಲೇ ಇದ್ದೇನೆ, ಹೇಳಿ. ಒಂದು ಪಾರ್ಸೆಲ್‌ಗೆ ಟೇಪ್ ಅಂಟಿಸುತ್ತಿದ್ದೆ, ಅದನ್ನು ಪಕ್ಕಕ್ಕಿಟ್ಟೆ. ನಮ್ಮದು ಇಬ್ಬರೇ ನಡೆಸುವ ಪುಟ್ಟ ಅಂಗಡಿ. ಚಾಟ್‌ನಲ್ಲಿ ಮಾತಾಡುವವರೂ ನಾವೇ, ಪೆಟ್ಟಿಗೆ ಕಟ್ಟುವವರೂ ನಾವೇ. ನಡುವೆ ಉತ್ತರ ಒಂದೆರಡು ನಿಮಿಷ ತಡವಾದರೆ ಕೈಯಲ್ಲಿ ಟೇಪ್ ಇದೆ ಅಂದುಕೊಳ್ಳಿ, ಎದ್ದು ಹೋಗಿಲ್ಲ 🙂

ಏನು ಬೇಕಿತ್ತು? ಸುಮ್ನೆ ನೋಡೋಣ ಅಂತ ಬಂದಿದ್ದರೂ ಪರವಾಗಿಲ್ಲ. ಕೇಳಿದ ಮಾತ್ರಕ್ಕೆ ಕೊಳ್ಳಲೇಬೇಕು ಅಂತೇನೂ ಇಲ್ಲ.

ನೀವು ‘ಮೊದಲ ಫೌಂಟನ್ ಪೆನ್’ ಪುಟದಿಂದ ಬರೆದಿದ್ದೀರಿ ಅಂತ ಇಲ್ಲಿ ತೋರಿಸುತ್ತಿದೆ. ಪುಟದ ಹೆಸರು ಬಿಟ್ಟರೆ ನಿಮ್ಮ ಬಗ್ಗೆ ಬೇರೇನೂ ನನಗೆ ಕಾಣುವುದಿಲ್ಲ. ವಿಷಯ ಅದೇ ಆಗಿದ್ದರೆ ಎರಡೇ ಎರಡು ಮಾತು ತಿಳಿಸಿ, ಸಾಕು: ನಿಮ್ಮ ಅಕ್ಷರ ಚಿಕ್ಕದೋ ದೊಡ್ಡದೋ? ಹೆಚ್ಚಾಗಿ ಯಾವ ಕಾಗದದ ಮೇಲೆ ಬರೆಯುತ್ತೀರಿ?

ಯಾಕೆ ಕೇಳಿದೆ ಅಂದರೆ, ಪೆನ್ನಿನ ಬಣ್ಣ ನೋಡಿ ಮನಸೋಲುವವರೇ ಜಾಸ್ತಿ. ಆದರೆ ದಿನಾ ಬರೆಯುವಾಗ ಲೆಕ್ಕಕ್ಕೆ ಬರುವುದು ನಿಬ್. F ಅಂದರೆ ತೆಳು ಗೆರೆ, M ಅಂದರೆ ಸ್ವಲ್ಪ ದಪ್ಪ. ಚಿಕ್ಕ ಅಕ್ಷರದವರು M ತಗೊಂಡರೆ ಒತ್ತುಗಳೂ ಸುಳಿಗಳೂ ಇಂಕಿನಲ್ಲಿ ಮುಚ್ಚಿಹೋಗುತ್ತವೆ. ‘ಕ್ಷ’, ‘ಜ್ಞ’ ಬರೆದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಜಪಾನಿನ ಪೆನ್ನುಗಳ F ಸಾಮಾನ್ಯವಾಗಿ ಯುರೋಪಿನ ಪೆನ್ನುಗಳ F ಗಿಂತ ತೆಳುವಾಗಿರುತ್ತದೆ. ಹಾಗಾಗಿ ಬರೀ F, M ಅಂತ ನೋಡಿ ಆರ್ಡರ್ ಮಾಡಬೇಡಿ. ಪೆನ್ನಿನ ಹೆಸರು ಕಳಿಸಿ, ಅದರ ಗೆರೆ ಹೇಗೆ ಬೀಳುತ್ತದೆ ಅಂತ ಬರೆದು, ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.

ಎಡಗೈಯಲ್ಲಿ ಬರೆಯುತ್ತೀರಾ? ಹಾಗಾದರೆ ಅದನ್ನೂ ಹೇಳಿ. ಬರೆದ ಸಾಲಿನ ಮೇಲೆ ಕೈ ಹಾದುಹೋಗುವುದರಿಂದ ಬೇಗ ಒಣಗುವ ಇಂಕೇ ಬೇಕಾಗುತ್ತದೆ. ಯಾವುದು ಅಂತ ನಾನು ಹುಡುಕಿ ಹೇಳುತ್ತೇನೆ.

ಮನೆಯಲ್ಲಿ ಚಿತ್ರ ಬಿಡಿಸುವ ಇಂಡಿಯನ್ ಇಂಕ್ ಇದ್ದರೆ ದಯವಿಟ್ಟು ಅದನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬೇಡಿ. ಒಳಗೆ ಒಣಗಿ ಕಟ್ಟಿಕೊಂಡರೆ ಬಿಡಿಸುವುದು ಬಲು ಕಷ್ಟ. ಕೇಳದೆಯೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಈಗಾಗಲೇ ನಮ್ಮಲ್ಲಿ ಪೆನ್ ತಗೊಂಡಿದ್ದೀರಾ, ಅದು ಬರೆಯುತ್ತಿಲ್ಲವಾ? ಗಾಬರಿ ಬೇಡ. ಹೊಸ ನಿಬ್‌ನಲ್ಲಿ ತಯಾರಿಕೆಯ ಎಣ್ಣೆ ಸ್ವಲ್ಪ ಉಳಿದಿರಬಹುದು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ, ಆಮೇಲೆ ಬರೀ ನೀರಲ್ಲಿ ಜಾಲಿಸಿ ಒಣಗಲು ಬಿಡಿ. ಕುದಿಯುವ ನೀರು ಬೇಡ. ಕಾರ್ಟ್ರಿಜ್ ಪೂರ್ತಿ ಒಳಗೆ ಕೂತಿದೆಯಾ ಅಂತಲೂ ನೋಡಿ, ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಇಷ್ಟಾದರೂ ಬರೆಯದಿದ್ದರೆ ನಿಬ್ ಹತ್ತಿರದಿಂದ ಕಾಣುವಂಥ ಒಂದು ಫೋಟೋ ಕಳಿಸಿ. ಮುಂದಿನದು ನಮ್ಮ ಜವಾಬ್ದಾರಿ.

ಆರ್ಡರ್ ಎಲ್ಲಿಗೆ ಬಂತು ಅಂತ ಕೇಳಲು ಬಂದಿದ್ದರೆ ಆರ್ಡರ್ ನಂಬರ್ ಹಾಕಿ. ನಮ್ಮಿಂದ ಬಂದ ಇಮೇಲ್‌ನ ಮೊದಲ ಸಾಲಿನಲ್ಲೇ ಇದೆ. ಸಿಗದಿದ್ದರೆ ಸ್ಪ್ಯಾಮ್‌ನಲ್ಲೂ ಒಮ್ಮೆ ನೋಡಿ. ಬಾಟಲಿ ಒಡೆದು ಇಂಕ್ ಸೋರಿದ್ದರೆ ಪೆಟ್ಟಿಗೆ ಎಸೆಯಬೇಡಿ, ಫೋಟೋ ತೆಗೆದಿಡಿ.

ದುಡ್ಡು ಕಟ್ಟಾಗಿ ಆರ್ಡರ್ ಮಾತ್ರ ಆಗಿಲ್ಲ ಅಂತಾದರೆ ಮತ್ತೆ ಕಟ್ಟಲು ಹೋಗಬೇಡಿ. ಮೊದಲು ನಾನು ಇಲ್ಲಿ ನೋಡಿ ಹೇಳುತ್ತೇನೆ. ಎಷ್ಟು ಹೊತ್ತಿಗೆ ಕಟ್ಟಿದಿರಿ, ಎಷ್ಟು ಕಟ್ಟಿದಿರಿ ಅನ್ನುವುದು ಗೊತ್ತಾದರೆ ನನಗೆ ಸಾಕು. ಕಾರ್ಡ್ ನಂಬರ್, ಪಿನ್, ಒಟಿಪಿ ಇಲ್ಲಿ ಬರೆಯಬೇಡಿ. ನಾವು ಅದನ್ನು ಕೇಳುವುದೇ ಇಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೂ ಕೊಡಬೇಡಿ.

ಅಯ್ಯೋ, ನೀವು ಹೇಳಿದ್ದು ಒಂದೇ ಹಲೋ, ನಾನು ಇಷ್ಟೊಂದು ಬರೆದುಬಿಟ್ಟೆ! ಪೆನ್ನಿನ ವಿಷಯ ಬಂದರೆ ನನ್ನದು ಇದೇ ಕಥೆ. ಎಲ್ಲ ಓದಬೇಕಾಗಿಲ್ಲ. ಉದ್ದಕ್ಕೆ ಟೈಪ್ ಮಾಡಲು ಬೇಜಾರಾದರೆ ‘ಪೆನ್’, ‘ರಿಪೇರಿ’, ‘ಆರ್ಡರ್’ ಅಂತ ಒಂದೇ ಪದ ಹಾಕಿ, ಉಳಿದದ್ದನ್ನು ನಾನೇ ಒಂದೊಂದಾಗಿ ಕೇಳುತ್ತೇನೆ. ಇವತ್ತು ರಾತ್ರಿ 8ರ ತನಕ ಚಾಟ್‌ನಲ್ಲಿರುತ್ತೇನೆ. ಈಗ ಪುರುಸೊತ್ತಿಲ್ಲ ಅಂದರೆ ಆಮೇಲೆ ಇದೇ ಕಿಟಕಿಯಲ್ಲಿ ಬರೆದಿಡಿ, ಬೆಳಿಗ್ಗೆ ಬಂದವರು ಮೊದಲು ನಿಮಗೇ ಉತ್ತರ ಕೊಡುತ್ತಾರೆ.