ಖಾಲಿ ಕ್ರೇಟ್ ಮತ್ತು ಪ್ಲಾಸ್ಟಿಕ್ ಹಾಳೆ ವಾಪಸ್ ಒಯ್ಯುವ ಬಗ್ಗೆ

ಹುಬ್ಬಳ್ಳಿ, 16 ಜೂನ್ 2025

ಇವರಿಗೆ,
ಮಾಲೀಕರು, ತರಕಾರಿ ಸಗಟು ಅಂಗಡಿ,
ಎಪಿಎಂಸಿ ಮಾರುಕಟ್ಟೆ, ಅಮರಗೋಳ

ಮಾನ್ಯರೇ, ನಮಸ್ಕಾರ.

ನಿಮ್ಮ ಮಾಲಿನ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಟೊಮೆಟೊ, ಬದನೆಕಾಯಿ ಎರಡೂ ತಾಜಾ ಬರುತ್ತಿವೆ. ತೊಂದರೆ ಇರುವುದು ಮಾಲು ಇಳಿಸಿದ ಮೇಲೆ ಉಳಿಯುವುದರದ್ದು.

ಇವತ್ತು ಎಣಿಸಿದಾಗ ಹಿಂದಿನ ಓಣಿಯಲ್ಲಿ 64 ಖಾಲಿ ಕ್ರೇಟ್ ಇದ್ದವು. ಮಳೆ ಶುರುವಾಗಿದೆ. ಅವುಗಳಲ್ಲಿ ನೀರು ನಿಂತು ಸೊಳ್ಳೆ ಆಗುತ್ತಿವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ ಅಲ್ವಾ? ನಮ್ಮ ಅಡುಗೆಯ ಹುಡುಗರು ಪಕ್ಕದ ಕೋಣೆಯಲ್ಲೇ ಮಲಗುತ್ತಾರೆ. ಅದೇ ನನಗೆ ದೊಡ್ಡ ಚಿಂತೆ.

ಕ್ರೇಟ್‌ಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆಯೂ ಜಾಸ್ತಿಯಾಗಿದೆ. ಗಾಳಿಗೆ ಹಾರಿ ಗಟಾರ ಸೇರುತ್ತದೆ, ದನ ತಿನ್ನುತ್ತವೆ. ಪಾಲಿಕೆಯ ಗಾಡಿಗೆ ಒಣ ಕಸ ಬೇರೆ ಮಾಡಿಯೇ ಕೊಡುತ್ತೇವೆ. ಆದರೆ ಸ್ವಚ್ಛ ಇರುವ ಹಾಳೆಯನ್ನು ಸುಮ್ನೆ ಕಸಕ್ಕೆ ಹಾಕುವುದು ಯಾಕೆ? ಒದ್ದೆಯಾಗದಿದ್ದರೆ ಗುಜರಿಯವರೂ ತೆಗೆದುಕೊಳ್ಳುತ್ತಾರೆ.

ಆದ್ದರಿಂದ ವಿನಂತಿ ಇಷ್ಟು. ಬೆಳಿಗ್ಗೆ 6ಕ್ಕೆ ಮಾಲು ತರುವ ಟೆಂಪೊ ಖಾಲಿಯೇ ಹೋಗುತ್ತದೆ. ಹಿಂದಿನ ದಿನದ ಕ್ರೇಟ್ ಅದರಲ್ಲೇ ಒಯ್ಯಲು ಡ್ರೈವರ್‌ಗೆ ಹೇಳಿ. ನಾವು ತೊಳೆದು, ಬೋರಲು ಹಾಕಿ, ಹಾಳೆಯನ್ನು ಮಡಚಿ ಚೀಲದಲ್ಲಿ ಕಟ್ಟಿಟ್ಟಿರುತ್ತೇವೆ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಚಲನ್ ಮೇಲೆ ಬರೆದು ಇಬ್ಬರೂ ಸಹಿ ಮಾಡೋಣ. ಮಾರ್ಚ್‌ನಲ್ಲಿ ಕ್ರೇಟ್ ಲೆಕ್ಕದಲ್ಲಿ ಆದ ಗೊಂದಲ ಮತ್ತೆ ಬೇಡ. ಆಗುವುದಾದರೆ ಹಾಳೆಯ ಬದಲು ಹಗ್ಗ ಕಟ್ಟಿ ಕಳಿಸಿ. ಅಮರಗೋಳದಿಂದ ಇಲ್ಲಿಗೆ ಬರಲು ಅಷ್ಟು ಸಾಕು.

ಈಗಿರುವ 64 ಕ್ರೇಟ್‌ಗಳನ್ನು ಇದೇ ಶುಕ್ರವಾರ, ಜೂನ್ 20ರೊಳಗೆ ಒಯ್ಯಬೇಕಾಗಿ ಕೇಳಿಕೊಳ್ಳುತ್ತೇನೆ.

ನಿಮ್ಮ ವಿಶ್ವಾಸಿ,
ಮ್ಯಾನೇಜರ್
ಊಟದ ಹೋಟೆಲ್, ಸ್ಟೇಷನ್ ರಸ್ತೆ, ಹುಬ್ಬಳ್ಳಿ